ಮನೆ ಬಾಡಿಗೆ ಮತ್ತು ಖರೀದಿಯ ವೆಚ್ಚದ ಹೋಲಿಕೆ

ಮನೆ ಬಾಡಿಗೆ ಮತ್ತು ಖರೀದಿಯ ವೆಚ್ಚದ ಹೋಲಿಕೆ ಎಂದರೆ ಒಂದೇ ಬಗೆಯ ಮನೆಯಲ್ಲಿ ಬಾಡಿಗೆಗೆ ವಾಸಿಸುವುದು ಮತ್ತು ಅದನ್ನು ಸಾಲ ಮಾಡಿ ಕೊಳ್ಳುವುದು, ಈ ಎರಡರಲ್ಲಿ ಯಾವುದು ನಿರ್ದಿಷ್ಟ ಅವಧಿಯ ಕೊನೆಯಲ್ಲಿ ಕುಟುಂಬದ ಕೈಯಲ್ಲಿ ಹೆಚ್ಚು ಸಂಪತ್ತನ್ನು ಉಳಿಸುತ್ತದೆ ಎಂಬುದನ್ನು ಕಂಡುಕೊಳ್ಳುವ ಲೆಕ್ಕಾಚಾರ. ಈ ಲೆಕ್ಕದಲ್ಲಿ ಬಾಡಿಗೆ, ಸಾಲದ ಬಡ್ಡಿ, ಮುದ್ರಾಂಕ ಶುಲ್ಕ, ತೆರಿಗೆ ಮತ್ತು ದುರಸ್ತಿಯ ಖರ್ಚುಗಳ ಜೊತೆಗೆ ಅವಕಾಶ ವೆಚ್ಚವೂ ಸೇರುತ್ತದೆ. ಮನೆಗೆ ಹಾಕಿದ ಸ್ವಂತ ಹಣವನ್ನು ಬೇರೆಡೆ ತೊಡಗಿಸಿದ್ದರೆ ದೊರೆಯಬಹುದಾಗಿದ್ದ ಆದಾಯವನ್ನು ಅವಕಾಶ ವೆಚ್ಚ ಎನ್ನಲಾಗುತ್ತದೆ. ಈ ಲೇಖನದಲ್ಲಿ ಪೂರ್ವ ಬೆಂಗಳೂರಿನ ಬ್ರೂಕ್‌ಫೀಲ್ಡ್ ಪ್ರದೇಶದ ಎರಡು ಮಲಗುವ ಕೋಣೆಗಳ ಒಂದು ಮಾದರಿ ಫ್ಲ್ಯಾಟನ್ನು ನಿದರ್ಶನವಾಗಿ ಇಟ್ಟುಕೊಂಡು ಲೆಕ್ಕವನ್ನು ವಿವರಿಸಲಾಗಿದೆ.

## ಪರಿಕಲ್ಪನೆ

ಬಾಡಿಗೆಗೆ ಕೊಟ್ಟ ಹಣ ಹೋಗಿಯೇ ಬಿಡುತ್ತದೆ, ಸಾಲದ ಕಂತಿಗೆ ಕಟ್ಟಿದ ಹಣ ಆಸ್ತಿಯಾಗುತ್ತದೆ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಮಾತು ಭಾಗಶಃ ಮಾತ್ರ ಸರಿ. ಕಂತಿನ ಹಣದಲ್ಲಿ ಅಸಲಿಗೆ ಜಮೆಯಾಗುವ ಭಾಗ ಮಾತ್ರ ಆಸ್ತಿಯಾಗುತ್ತದೆ. ಬಡ್ಡಿಯ ಭಾಗವು ಬಾಡಿಗೆಯಂತೆಯೇ ಮರಳಿ ಬಾರದ ಖರ್ಚು. ಮನೆಯಲ್ಲಿ ಬಾಡಿಗೆಗಿರುವವರು ಮನೆಯನ್ನು ಬಳಸಲು ಬಾಡಿಗೆ ಕೊಟ್ಟರೆ, ಸಾಲ ಮಾಡಿ ಕೊಂಡವರು ಬ್ಯಾಂಕಿನ ಹಣವನ್ನು ಬಳಸಲು ಬಡ್ಡಿ ಕೊಡುತ್ತಾರೆ. ಆದ್ದರಿಂದ ಬಾಡಿಗೆಯನ್ನು ಮಾಸಿಕ ಕಂತಿನೊಂದಿಗೆ ನೇರವಾಗಿ ಹೋಲಿಸುವುದು ಸರಿಯಾದ ಉತ್ತರ ಕೊಡುವುದಿಲ್ಲ. ಎರಡೂ ಕಡೆಯ ಮರಳಿ ಬಾರದ ವೆಚ್ಚಗಳನ್ನು ಹೋಲಿಸಬೇಕಾಗುತ್ತದೆ.

ಅರ್ಥಶಾಸ್ತ್ರದಲ್ಲಿ ಸ್ವಂತ ಮನೆಯ ಈ ವಾರ್ಷಿಕ ವೆಚ್ಚವನ್ನು ಬಳಕೆದಾರ ವೆಚ್ಚ ಎಂದು ಕರೆಯುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಪೊಟರ್ಬಾ ಅವರು 1984ರಲ್ಲಿ ಪ್ರಕಟಿಸಿದ ಪ್ರಬಂಧವು ಮನೆಗಳ ಮಾರುಕಟ್ಟೆಯನ್ನು ಈ ದೃಷ್ಟಿಯಿಂದ ವಿಶ್ಲೇಷಿಸಿದ ಪ್ರಮುಖ ಬರಹಗಳಲ್ಲಿ ಒಂದು. ಸರಳವಾಗಿ ಹೇಳುವುದಾದರೆ ಬಳಕೆದಾರ ವೆಚ್ಚವು ಸಾಲದ ಬಡ್ಡಿ, ಸ್ವಂತ ಹಣದ ಅವಕಾಶ ವೆಚ್ಚ, ಆಸ್ತಿ ತೆರಿಗೆ ಮತ್ತು ದುರಸ್ತಿ ಇವುಗಳ ಮೊತ್ತದಿಂದ ಮನೆಯ ಬೆಲೆಯಲ್ಲಾಗುವ ಏರಿಕೆಯನ್ನು ಕಳೆದಾಗ ಉಳಿಯುವ ಮೊತ್ತ. ಇದು ಅದೇ ಮನೆಯ ವಾರ್ಷಿಕ ಬಾಡಿಗೆಗಿಂತ ಕಡಿಮೆಯಿದ್ದರೆ ಕೊಳ್ಳುವುದು ಲಾಭಕರ, ಹೆಚ್ಚಿದ್ದರೆ ಬಾಡಿಗೆ ಲಾಭಕರ.

## ವೆಚ್ಚಗಳು

### ಖರೀದಿಯ ಕಡೆಯ ವೆಚ್ಚಗಳು

ಖರೀದಿಯ ವೆಚ್ಚಗಳಲ್ಲಿ ಕೆಲವು ಒಂದೇ ಬಾರಿ ಬರುತ್ತವೆ, ಕೆಲವು ಪ್ರತಿ ವರ್ಷ ಬರುತ್ತವೆ. ಒಂದೇ ಬಾರಿ ಬರುವವುಗಳಲ್ಲಿ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಮುಖ್ಯವಾದವು. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಈ ಶುಲ್ಕದ ಮೇಲೆ ಶೇ. 10ರಷ್ಟು ಉಪಕರ ಮತ್ತು ನಗರ ಪ್ರದೇಶದಲ್ಲಿ ಶೇ. 2ರಷ್ಟು ಅಧಿಭಾರ ಇರುವುದರಿಂದ ಅದು ಒಟ್ಟು ಶೇ. 5.6 ಆಗುತ್ತದೆ. ನೋಂದಣಿ ಶುಲ್ಕವು ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿತು. ಹೀಗೆ ಒಂದು ಕೋಟಿ ರೂಪಾಯಿಯ ಮನೆಗೆ 7,60,000 ರೂಪಾಯಿ ಸರ್ಕಾರಕ್ಕೆ ಸಲ್ಲುತ್ತದೆ. ಕ್ರಯಪತ್ರದಲ್ಲಿ ಕಾಣಿಸಿದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ದರ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕವನ್ನು ಲೆಕ್ಕ ಹಾಕಲಾಗುತ್ತದೆ.

ನಿರ್ಮಾಣ ಹಂತದಲ್ಲಿರುವ ಫ್ಲ್ಯಾಟಿಗೆ ಇದರ ಜೊತೆಗೆ ಸರಕು ಮತ್ತು ಸೇವಾ ತೆರಿಗೆಯೂ ಬೀಳುತ್ತದೆ. 2019ರ ಏಪ್ರಿಲ್ 1ರಿಂದ ಇದರ ದರ ಸಾಮಾನ್ಯ ಫ್ಲ್ಯಾಟುಗಳಿಗೆ ಶೇ. 5 ಮತ್ತು ಕೈಗೆಟುಕುವ ದರದ ಮನೆಗಳ ವರ್ಗಕ್ಕೆ ಶೇ. 1. ನಿರ್ಮಾಣ ಮುಗಿದು ಸ್ವಾಧೀನಾನುಭವ ಪ್ರಮಾಣಪತ್ರ ದೊರೆತ ನಂತರ ಮಾರುವ ಫ್ಲ್ಯಾಟಿಗೆ ಈ ತೆರಿಗೆ ಇರುವುದಿಲ್ಲ. ನಿರ್ಮಾಣ ಹಂತದಲ್ಲಿ ಕೊಂಡವರು ಮನೆ ಕೈಗೆ ಬರುವವರೆಗೆ ಬಾಡಿಗೆಯನ್ನೂ ಬಡ್ಡಿಯನ್ನೂ ಒಟ್ಟಿಗೆ ಕಟ್ಟಬೇಕಾಗುತ್ತದೆ. ಹೋಲಿಕೆಯಲ್ಲಿ ಈ ಅವಧಿಯನ್ನು ಬಿಟ್ಟರೆ ಖರೀದಿಯು ಇರುವುದಕ್ಕಿಂತ ಅಗ್ಗವಾಗಿ ಕಾಣುತ್ತದೆ.

ಪ್ರತಿ ವರ್ಷದ ವೆಚ್ಚಗಳಲ್ಲಿ ಅತಿ ದೊಡ್ಡದು ಸಾಲದ ಬಡ್ಡಿ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ. 90ರಷ್ಟು, 30ರಿಂದ 75 ಲಕ್ಷದವರೆಗಿನ ಸಾಲವು ಶೇ. 80ರಷ್ಟು ಮತ್ತು ಅದಕ್ಕೂ ಹೆಚ್ಚಿನ ಸಾಲವು ಶೇ. 75ರಷ್ಟು ಮಿತಿಗೆ ಒಳಪಟ್ಟಿರುತ್ತದೆ. ದುಬಾರಿ ಮನೆಗಳಿಗೆ ಮುದ್ರಾಂಕ ಮತ್ತು ನೋಂದಣಿಯ ಖರ್ಚನ್ನು ಈ ಮೌಲ್ಯಕ್ಕೆ ಸೇರಿಸುವಂತಿಲ್ಲ. ಆದ್ದರಿಂದ ಅದನ್ನು ಕೊಳ್ಳುವವರು ಸ್ವಂತ ಉಳಿತಾಯದಿಂದಲೇ ಕೊಡಬೇಕಾಗುತ್ತದೆ.

### ಬಾಡಿಗೆಯ ಕಡೆಯ ವೆಚ್ಚಗಳು

ಬಾಡಿಗೆದಾರರ ಮುಖ್ಯ ವೆಚ್ಚ ಮಾಸಿಕ ಬಾಡಿಗೆ ಮತ್ತು ಅದರ ವಾರ್ಷಿಕ ಏರಿಕೆ. ಬೆಂಗಳೂರಿನಲ್ಲಿ ಬಹುಪಾಲು ಕರಾರುಗಳನ್ನು 11 ತಿಂಗಳಿಗೆ ಬರೆಯಲಾಗುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವಾಗಿರುವುದೇ ಇದಕ್ಕೆ ಕಾರಣ. ಕರಾರನ್ನು ಪ್ರತಿ ಬಾರಿ ಹೊಸದಾಗಿ ಬರೆಯುವಾಗ ಬಾಡಿಗೆ ಏರುತ್ತದೆ.

ಎರಡನೆಯ ವೆಚ್ಚ ಮುಂಗಡ. ನಗರದಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ದೀರ್ಘಕಾಲ ಇತ್ತು. 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿತು. ಆದರೆ ಅದು ರಾಜ್ಯಗಳು ಅಳವಡಿಸಿಕೊಳ್ಳಲು ಕೇಂದ್ರ ಸರ್ಕಾರ ರೂಪಿಸಿದ ಮಾದರಿ ಮಾತ್ರ. ಮುಂಗಡವು ಬಡ್ಡಿಯಿಲ್ಲದೆ ಮನೆ ಮಾಲೀಕರ ಬಳಿ ಉಳಿಯುವುದರಿಂದ ಅದಕ್ಕೂ ಅವಕಾಶ ವೆಚ್ಚವಿದೆ. ಮನೆ ಬಿಡುವಾಗ ಬಣ್ಣ ಬಳಿಯುವ ಖರ್ಚೆಂದು ಸುಮಾರು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಹಿಡಿದುಕೊಳ್ಳುವ ರೂಢಿಯೂ ಇದೆ. ಪದೇ ಪದೇ ಮನೆ ಬದಲಿಸುವವರು ಇದನ್ನೂ ಸಾಗಣೆ ಮತ್ತು ದಲ್ಲಾಳಿ ಖರ್ಚನ್ನೂ ಬಾಡಿಗೆಗೆ ಸೇರಿಸಿಕೊಳ್ಳಬೇಕು.

### ಅವಕಾಶ ವೆಚ್ಚ ಮತ್ತು ಭೋಗ್ಯ

ಅವಕಾಶ ವೆಚ್ಚವು ರಸೀದಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಅದನ್ನು ಲೆಕ್ಕಕ್ಕೆ ಸೇರಿಸದಿರುವುದು ಸಾಮಾನ್ಯ. ಕರ್ನಾಟಕದಲ್ಲಿ ರೂಢಿಯಲ್ಲಿರುವ ಭೋಗ್ಯ ಪದ್ಧತಿಯಲ್ಲಿ ಮಾತ್ರ ಅದು ಸ್ಪಷ್ಟವಾಗಿ ಗೋಚರಿಸುತ್ತದೆ. ಲೀಸ್ ಎಂದೂ ಕರೆಯಲಾಗುವ ಈ ಪದ್ಧತಿಯಲ್ಲಿ ವಾಸಿಸುವವರು ಮಾಲೀಕರಿಗೆ ಎರಡು ಅಥವಾ ಮೂರು ವರ್ಷಗಳ ಅವಧಿಗೆ ದೊಡ್ಡ ಮೊತ್ತವೊಂದನ್ನು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸಿಸುತ್ತಾರೆ. ಅವಧಿ ಮುಗಿದಾಗ ಪೂರ್ಣ ಮೊತ್ತ ಮರಳಿ ಬರುತ್ತದೆ.

ಇಲ್ಲಿ ವಾಸ ಉಚಿತವೆಂದು ತೋರಿದರೂ ಆ ಮೊತ್ತದ ಮೇಲೆ ಕಳೆದುಕೊಂಡ ಆದಾಯವೇ ನಿಜವಾದ ಬಾಡಿಗೆ. 30 ಲಕ್ಷ ರೂಪಾಯಿಯನ್ನು ಭೋಗ್ಯಕ್ಕೆ ಕೊಟ್ಟವರು ಅದೇ ಹಣದ ಮೇಲೆ ವರ್ಷಕ್ಕೆ ಶೇ. 8 ಗಳಿಸಬಲ್ಲವರಾಗಿದ್ದರೆ, ಅವರು ವರ್ಷಕ್ಕೆ 2,40,000 ರೂಪಾಯಿ, ಅಂದರೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಕೊಟ್ಟಂತಾಯಿತು. ಅದೇ ಮನೆ 30,000 ರೂಪಾಯಿ ಬಾಡಿಗೆಗೆ ಸಿಗುವಂತಿದ್ದರೆ ಭೋಗ್ಯ ಅಗ್ಗ. ಆದರೆ ಅಸಲನ್ನೇ ಕಳೆದುಕೊಳ್ಳುವ ಅಪಾಯವನ್ನು ಈ ವ್ಯತ್ಯಾಸದೊಂದಿಗೆ ತೂಗಿ ನೋಡಬೇಕಾಗುತ್ತದೆ. ಮನೆಯ ಮೇಲೆ ಮಾಲೀಕರ ಬ್ಯಾಂಕ್ ಸಾಲವಿದ್ದು ಅದು ಮರುಪಾವತಿಯಾಗದಿದ್ದರೆ ಬ್ಯಾಂಕು ಮನೆಯನ್ನು ಹರಾಜು ಹಾಕಬಹುದು. ಭೋಗ್ಯದ ಕರಾರು ನೋಂದಣಿಯಾಗದಿದ್ದರೆ ವಾಸಿಸುವವರ ಹಣ ಮರಳುವುದು ಕಷ್ಟವಾಗುತ್ತದೆ.

ಮನೆ ಕೊಳ್ಳಲು ಕೈಯಿಂದ ಹಾಕುವ ಹಣವೂ ಇದೇ ರೀತಿಯದು. ಭೋಗ್ಯಕ್ಕೆ ಕೊಟ್ಟ 30 ಲಕ್ಷಕ್ಕೆ ತಿಂಗಳಿಗೆ 20,000 ರೂಪಾಯಿಯ ವೆಚ್ಚವಿದ್ದರೆ, ಖರೀದಿಗೆ ಹಾಕಿದ 30 ಲಕ್ಷಕ್ಕೂ ಅಷ್ಟೇ ವೆಚ್ಚವಿದೆ.

## ಬ್ರೂಕ್‌ಫೀಲ್ಡ್‌ನ ನಿದರ್ಶನ

### ಪ್ರದೇಶದ ಹಿನ್ನೆಲೆ

ಬ್ರೂಕ್‌ಫೀಲ್ಡ್ ಬೆಂಗಳೂರಿನ ಪೂರ್ವ ಭಾಗದಲ್ಲಿ, ಕುಂದಲಹಳ್ಳಿ ಮತ್ತು ವೈಟ್‌ಫೀಲ್ಡ್‌ನ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನ (ಐಟಿಪಿಎಲ್) ಇವುಗಳ ಬಳಿಯಿರುವ ವಸತಿ ಪ್ರದೇಶ. ಇಲ್ಲಿನ ಬಾಡಿಗೆಯ ಬೇಡಿಕೆ ಹೆಚ್ಚಾಗಿ ಸುತ್ತಲಿನ ಮಾಹಿತಿ ತಂತ್ರಜ್ಞಾನ ಕಂಪನಿಗಳ ನೌಕರರಿಂದ ಬರುತ್ತದೆ. 2020ರಲ್ಲಿ ಕೊರೊನಾ ಸಾಂಕ್ರಾಮಿಕದಿಂದಾಗಿ ನೌಕರರು ಮನೆಯಿಂದಲೇ ಕೆಲಸ ಮಾಡಲು ಊರುಗಳಿಗೆ ಮರಳಿದಾಗ ಈ ಭಾಗದಲ್ಲಿ ಮನೆಗಳು ಖಾಲಿ ಬಿದ್ದು ಬಾಡಿಗೆ ಇಳಿಯಿತು. 2022 ಮತ್ತು 2023ರಲ್ಲಿ ಕಚೇರಿಗಳು ಮತ್ತೆ ತೆರೆದಾಗ ಬಾಡಿಗೆ ತೀವ್ರವಾಗಿ ಏರಿತು. ನಮ್ಮ ಮೆಟ್ರೋದ ನೇರಳೆ ಮಾರ್ಗದ ವೈಟ್‌ಫೀಲ್ಡ್–ಕೃಷ್ಣರಾಜಪುರ ಭಾಗವು 2023ರ ಮಾರ್ಚ್‌ನಲ್ಲಿ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಬೈಯಪ್ಪನಹಳ್ಳಿಯೊಂದಿಗೆ ಸೇರಿ ನಗರದ ಕೇಂದ್ರಕ್ಕೆ ಸಂಪರ್ಕ ದೊರೆಯಿತು. ಹೀಗೆ ಕೆಲವೇ ವರ್ಷಗಳಲ್ಲಿ ಬಾಡಿಗೆ ಎರಡೂ ದಿಕ್ಕಿನಲ್ಲಿ ಚಲಿಸಿರುವುದರಿಂದ ಯಾವುದೋ ಒಂದು ವರ್ಷದ ಬಾಡಿಗೆಯನ್ನೇ ಆಧಾರವಾಗಿಟ್ಟುಕೊಂಡು ಇಪ್ಪತ್ತು ವರ್ಷದ ಲೆಕ್ಕ ಹಾಕುವುದು ಇಲ್ಲಿ ವಿಶೇಷವಾಗಿ ಅಪಾಯಕರ.

### ಊಹೆಗಳು

ಕೆಳಗಿನ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡ ಊಹೆಗಳು. ನಿಜವಾದ ಮನೆಗೆ ಅದರದೇ ಬೆಲೆ ಮತ್ತು ಬಾಡಿಗೆಯನ್ನು ಬಳಸಬೇಕು.

* ನಿರ್ಮಾಣ ಮುಗಿದ ಫ್ಲ್ಯಾಟಿನ ಬೆಲೆ 1 ಕೋಟಿ ರೂಪಾಯಿ. ಮುದ್ರಾಂಕ ಮತ್ತು ನೋಂದಣಿ 7.6 ಲಕ್ಷ.
* ಸಾಲ 75 ಲಕ್ಷ, ಬಡ್ಡಿ ಶೇ. 8.5, ಅವಧಿ 20 ವರ್ಷ. ಕೈಯಿಂದ ಹಾಕುವ ಹಣ 25 + 7.6 = 32.6 ಲಕ್ಷ.
* ಅದೇ ಫ್ಲ್ಯಾಟಿನ ಬಾಡಿಗೆ ತಿಂಗಳಿಗೆ 30,000 ರೂಪಾಯಿ, ವರ್ಷಕ್ಕೆ ಶೇ. 6ರ ಏರಿಕೆ. ಮುಂಗಡ 1.5 ಲಕ್ಷ.
* ಮಾಲೀಕರು ಮಾತ್ರ ಭರಿಸುವ ಆಸ್ತಿ ತೆರಿಗೆ, ವಿಮೆ ಮತ್ತು ದುರಸ್ತಿ ಮೊದಲ ವರ್ಷ 60,000 ರೂಪಾಯಿ, ವರ್ಷಕ್ಕೆ ಶೇ. 6ರ ಏರಿಕೆ.
* ಮನೆಯ ಬೆಲೆಯ ಏರಿಕೆ ವರ್ಷಕ್ಕೆ ಶೇ. 5. ಮಾರುವಾಗ ದಲ್ಲಾಳಿ ಮತ್ತಿತರ ಖರ್ಚು ಶೇ. 2.
* ಬೇರೆಡೆ ಹೂಡಿದ ಹಣಕ್ಕೆ ತೆರಿಗೆ ಕಳೆದು ವರ್ಷಕ್ಕೆ ಶೇ. 8ರ ಆದಾಯ.

ಅಪಾರ್ಟ್‌ಮೆಂಟಿನ ಮಾಸಿಕ ನಿರ್ವಹಣಾ ಶುಲ್ಕವನ್ನು ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಬಾಡಿಗೆದಾರರೇ ಕಟ್ಟುತ್ತಾರೆ. ಎರಡೂ ಕಡೆ ಒಂದೇ ಮೊತ್ತವಾಗುವುದರಿಂದ ಅದನ್ನು ಈ ಲೆಕ್ಕದಿಂದ ಕೈಬಿಡಲಾಗಿದೆ. ಬಾಡಿಗೆಯಲ್ಲೇ ನಿರ್ವಹಣೆ ಸೇರಿದ್ದರೆ ಅದನ್ನು ಖರೀದಿಯ ಕಡೆಗೆ ಮಾತ್ರ ಸೇರಿಸಬೇಕು.

### ಮೊದಲ ವರ್ಷದ ಲೆಕ್ಕ

ಸಮಾನ ಮಾಸಿಕ ಕಂತನ್ನು (ಇಎಂಐ) ಕೆಳಗಿನ ಸೂತ್ರದಿಂದ ಪಡೆಯಬಹುದು. ಇದರಲ್ಲಿ P ಸಾಲದ ಮೊತ್ತ, i ತಿಂಗಳ ಬಡ್ಡಿದರ ಮತ್ತು n ಕಂತುಗಳ ಸಂಖ್ಯೆ. ಎರಡನೆಯ ಸಾಲಿನಲ್ಲಿರುವುದು ಸ್ಪ್ರೆಡ್‌ಶೀಟ್‌ನಲ್ಲಿ ಅದೇ ಲೆಕ್ಕ.

```
EMI = P * i * (1+i)^n / ((1+i)^n - 1)
=PMT(8.5%/12, 240, -7500000)
```

ಈ ಸಾಲಕ್ಕೆ ಕಂತು 65,087 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 53,125 ರೂಪಾಯಿ ಬಡ್ಡಿಗೆ ಹೋಗಿ 11,962 ರೂಪಾಯಿ ಮಾತ್ರ ಅಸಲಿಗೆ ಜಮೆಯಾಗುತ್ತದೆ. ಮೊದಲ ವರ್ಷ ಕಟ್ಟಿದ ಸುಮಾರು 7.81 ಲಕ್ಷದಲ್ಲಿ ಬಡ್ಡಿ 6.32 ಲಕ್ಷ ಮತ್ತು ಅಸಲು 1.49 ಲಕ್ಷ. ಕಂತಿನ ಅರ್ಧಕ್ಕಿಂತ ಹೆಚ್ಚು ಭಾಗ ಅಸಲಿಗೆ ಹೋಗತೊಡಗುವುದು 12ನೇ ವರ್ಷದ ಕೊನೆಯ ಹೊತ್ತಿಗೆ. ಇಪ್ಪತ್ತು ವರ್ಷಗಳಲ್ಲಿ ಕಟ್ಟುವ ಒಟ್ಟು ಬಡ್ಡಿ ಸುಮಾರು 81.2 ಲಕ್ಷ, ಅಂದರೆ ಸಾಲದ ಮೊತ್ತಕ್ಕಿಂತಲೂ ಹೆಚ್ಚು.

ಈಗ ಮೊದಲ ವರ್ಷದ ಬಳಕೆದಾರ ವೆಚ್ಚವನ್ನು ನೋಡಬಹುದು. ಬಡ್ಡಿ 6.32 ಲಕ್ಷ, ಕೈಯಿಂದ ಹಾಕಿದ 32.6 ಲಕ್ಷದ ಮೇಲೆ ಶೇ. 8ರಂತೆ ಅವಕಾಶ ವೆಚ್ಚ 2.61 ಲಕ್ಷ, ತೆರಿಗೆ ಮತ್ತು ದುರಸ್ತಿ 0.60 ಲಕ್ಷ, ಒಟ್ಟು 9.53 ಲಕ್ಷ. ಇದರಿಂದ ಬೆಲೆಯೇರಿಕೆಯ 5 ಲಕ್ಷವನ್ನು ಕಳೆದರೆ 4.53 ಲಕ್ಷ ಉಳಿಯುತ್ತದೆ. ಬಾಡಿಗೆಯ ಕಡೆ 3.60 ಲಕ್ಷ ಬಾಡಿಗೆ ಮತ್ತು ಮುಂಗಡದ ಅವಕಾಶ ವೆಚ್ಚ 0.12 ಲಕ್ಷ ಸೇರಿ 3.72 ಲಕ್ಷ. ಮೊದಲ ವರ್ಷದಲ್ಲಿ ಬಾಡಿಗೆಯು ಸುಮಾರು 81,000 ರೂಪಾಯಿ ಅಗ್ಗ. ಮುದ್ರಾಂಕ ಮತ್ತು ನೋಂದಣಿಗೆ ಕೊಟ್ಟು ಮರಳಿ ಬಾರದ 7.6 ಲಕ್ಷ ಈ ವ್ಯತ್ಯಾಸದ ಹೊರಗಿದೆ.

### ಹಲವು ವರ್ಷಗಳ ಲೆಕ್ಕ

ದೀರ್ಘಾವಧಿಯ ಹೋಲಿಕೆಯಲ್ಲಿ ಇಬ್ಬರು ವ್ಯಕ್ತಿಗಳನ್ನು ಊಹಿಸಿಕೊಳ್ಳಲಾಗುತ್ತದೆ. ಇಬ್ಬರ ಬಳಿಯೂ ಆರಂಭದಲ್ಲಿ 32.6 ಲಕ್ಷವಿದ್ದು, ಪ್ರತಿ ವರ್ಷ ಇಬ್ಬರೂ ವಸತಿಗಾಗಿ ಒಂದೇ ಮೊತ್ತವನ್ನು ತೆಗೆದಿಡುತ್ತಾರೆ. ಒಬ್ಬರು ಮನೆ ಕೊಂಡು ಕಂತು ಕಟ್ಟುತ್ತಾರೆ. ಇನ್ನೊಬ್ಬರು ಮುಂಗಡ ಕೊಟ್ಟು ಉಳಿದ 31.1 ಲಕ್ಷವನ್ನು ಹೂಡಿ, ಬಾಡಿಗೆ ಕೊಟ್ಟ ಮೇಲೆ ಉಳಿಯುವ ವ್ಯತ್ಯಾಸವನ್ನು ಪ್ರತಿ ವರ್ಷದ ಕೊನೆಯಲ್ಲಿ ಹೂಡುತ್ತಾರೆ.

ಮೊದಲ ವರ್ಷ ಖರೀದಿದಾರರ ಖರ್ಚು 7.81 + 0.60 = 8.41 ಲಕ್ಷ ಮತ್ತು ಬಾಡಿಗೆದಾರರದು 3.60 ಲಕ್ಷ. ಆದ್ದರಿಂದ ಬಾಡಿಗೆದಾರರು ಆ ವರ್ಷ 4.81 ಲಕ್ಷ ಹೂಡುತ್ತಾರೆ. ಕಂತು ಬದಲಾಗದೆ ಬಾಡಿಗೆ ಮಾತ್ರ ಏರುತ್ತಾ ಹೋಗುವುದರಿಂದ ಈ ವ್ಯತ್ಯಾಸ ವರ್ಷ ವರ್ಷವೂ ಕಿರಿದಾಗಿ, 18ನೇ ವರ್ಷದಿಂದ ಬಾಡಿಗೆದಾರರ ಖರ್ಚೇ ಹೆಚ್ಚಾಗುತ್ತದೆ. ಆ ಬಳಿಕ ಅವರು ತಮ್ಮ ಹೂಡಿಕೆಯಿಂದ ಹಣ ತೆಗೆಯಬೇಕಾಗುತ್ತದೆ.

ಹತ್ತು ವರ್ಷಗಳ ಕೊನೆಯಲ್ಲಿ ಫ್ಲ್ಯಾಟಿನ ಬೆಲೆ 162.9 ಲಕ್ಷವಾಗಿರುತ್ತದೆ. ಅದರಿಂದ ಮಾರಾಟದ ಖರ್ಚು 3.3 ಲಕ್ಷವನ್ನೂ ಬಾಕಿ ಸಾಲ 52.5 ಲಕ್ಷವನ್ನೂ ಕಳೆದರೆ ಖರೀದಿದಾರರಿಗೆ 107.1 ಲಕ್ಷ ಉಳಿಯುತ್ತದೆ. ಬಾಡಿಗೆದಾರರ ಮೊದಲ ಹೂಡಿಕೆ 67.1 ಲಕ್ಷಕ್ಕೆ ಬೆಳೆದಿರುತ್ತದೆ, ವಾರ್ಷಿಕ ಹೂಡಿಕೆಗಳು 57.9 ಲಕ್ಷವಾಗಿರುತ್ತವೆ. ಮುಂಗಡ ಸೇರಿ ಅವರ ಬಳಿ 126.6 ಲಕ್ಷ ಇರುತ್ತದೆ. ಇದೇ ಕ್ರಮದಲ್ಲಿ ಮೂರು ಅವಧಿಗಳ ಫಲಿತಾಂಶ ಹೀಗಿದೆ.

| ಅವಧಿ | ಖರೀದಿದಾರರ ಸಂಪತ್ತು (ಲಕ್ಷ ರೂ.) | ಬಾಡಿಗೆದಾರರ ಸಂಪತ್ತು (ಲಕ್ಷ ರೂ.) | ಸಮಬಲಕ್ಕೆ ಬೇಕಾದ ವಾರ್ಷಿಕ ಬೆಲೆಯೇರಿಕೆ |
|---|---|---|---|
| 5 ವರ್ಷ | 59.0 | 73.4 | ಶೇ. 7.3 |
| 10 ವರ್ಷ | 107.1 | 126.6 | ಶೇ. 6.2 |
| 20 ವರ್ಷ | 260.0 | 285.8 | ಶೇ. 5.5 |

ಕೋಷ್ಟಕದ ಕೊನೆಯ ಕಾಲಂ ಅತ್ಯಂತ ಉಪಯುಕ್ತವಾದುದು. ಮುಂದಿನ ಇಪ್ಪತ್ತು ವರ್ಷದಲ್ಲಿ ಮನೆಯ ಬೆಲೆ ಎಷ್ಟು ಏರುತ್ತದೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಆದರೆ ಖರೀದಿ ಸಮಬಲಕ್ಕೆ ಬರಲು ಎಷ್ಟು ಏರಬೇಕು ಎಂಬುದನ್ನು ಲೆಕ್ಕ ಹಾಕಬಹುದು. ಐದೇ ವರ್ಷದಲ್ಲಿ ಮಾರುವವರಿಗೆ ಶೇ. 7.3ರ ಏರಿಕೆ ಬೇಕು, ಇಪ್ಪತ್ತು ವರ್ಷ ಇರುವವರಿಗೆ ಶೇ. 5.5 ಸಾಕು. ಮುದ್ರಾಂಕ ಮತ್ತು ಮಾರಾಟದ ಖರ್ಚು ಹೆಚ್ಚು ವರ್ಷಗಳಿಗೆ ಹಂಚಿಹೋಗುವುದು ಹಾಗೂ ಬಾಡಿಗೆ ಏರುತ್ತಿದ್ದರೂ ಕಂತು ಸ್ಥಿರವಾಗಿರುವುದು ಇದಕ್ಕೆ ಕಾರಣ. ನೌಕರಿ ಬದಲಾದರೆ ಎಲೆಕ್ಟ್ರಾನಿಕ್ ಸಿಟಿಗೋ ಬೇರೆ ನಗರಕ್ಕೋ ಹೋಗಬೇಕಾದೀತು ಎನ್ನುವವರಿಗೆ ವಾಸದ ಅವಧಿಯೇ ಲೆಕ್ಕದ ಮುಖ್ಯ ಅಂಶವಾಗುತ್ತದೆ.

### ಊಹೆಗಳು ಬದಲಾದಾಗ

ಫಲಿತಾಂಶವು ಕೆಲವು ಊಹೆಗಳಿಗೆ ಬಹಳ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ಮೊದಲನೆಯದು ಬಾಡಿಗೆ. ಅದೇ ಫ್ಲ್ಯಾಟಿನ ಆರಂಭದ ಬಾಡಿಗೆ 30,000ದ ಬದಲು 40,000 ರೂಪಾಯಿ ಆಗಿದ್ದರೆ, ಹತ್ತು ವರ್ಷದ ಕೊನೆಯಲ್ಲಿ ಬಾಡಿಗೆದಾರರ ಬಳಿ ಸುಮಾರು 104.5 ಲಕ್ಷ ಮಾತ್ರ ಇರುತ್ತದೆ ಮತ್ತು ಖರೀದಿಯು 2.6 ಲಕ್ಷದಷ್ಟು ಮುಂದಿರುತ್ತದೆ. ಇತರ ಊಹೆಗಳು ಹಾಗೆಯೇ ಇದ್ದರೆ ಹತ್ತು ವರ್ಷಕ್ಕೆ ಎರಡೂ ಸಮವಾಗುವುದು ಸುಮಾರು 38,800 ರೂಪಾಯಿ ಬಾಡಿಗೆಯಲ್ಲಿ. ಆದ್ದರಿಂದ ಬಾಡಿಗೆಯ ಅಂಕಿಯನ್ನು ಜಾಹೀರಾತಿನಿಂದ ತೆಗೆದುಕೊಳ್ಳುವುದಕ್ಕಿಂತ ಅದೇ ಕಟ್ಟಡದಲ್ಲಿ ವಾಸಿಸುವವರು ವಾಸ್ತವವಾಗಿ ಕೊಡುತ್ತಿರುವ ಬಾಡಿಗೆಯಿಂದ ಪಡೆಯುವುದು ಒಳ್ಳೆಯದು.

ಎರಡನೆಯದು ಹೂಡಿಕೆಯ ಆದಾಯ. ಬಾಡಿಗೆದಾರರು ನಿಶ್ಚಿತ ಠೇವಣಿಯಲ್ಲಿ ಹಣವಿಟ್ಟು ತೆರಿಗೆ ಕಳೆದು ಶೇ. 6 ಮಾತ್ರ ಗಳಿಸಿದರೆ ಹತ್ತು ವರ್ಷದ ಕೊನೆಯಲ್ಲಿ ಅವರ ಬಳಿ 109.5 ಲಕ್ಷವಿರುತ್ತದೆ. ಖರೀದಿಯೊಂದಿಗಿನ ಅಂತರ 19.5 ಲಕ್ಷದಿಂದ 2.3 ಲಕ್ಷಕ್ಕೆ ಇಳಿಯುತ್ತದೆ.

ಮೂರನೆಯದು ಶಿಸ್ತು. ಬಾಡಿಗೆದಾರರು ಆರಂಭದ ಮೊತ್ತವನ್ನು ಮಾತ್ರ ಹೂಡಿ, ಪ್ರತಿ ವರ್ಷದ ವ್ಯತ್ಯಾಸವನ್ನು ಖರ್ಚು ಮಾಡಿಬಿಟ್ಟರೆ ಇಪ್ಪತ್ತು ವರ್ಷದ ಕೊನೆಯಲ್ಲಿ ಅವರ ಬಳಿ ಉಳಿಯುವುದು 285.8 ಲಕ್ಷವಲ್ಲ, ಸುಮಾರು 146.5 ಲಕ್ಷ. ಖರೀದಿದಾರರ ಬಳಿ ಆಗ 260 ಲಕ್ಷದ ಆಸ್ತಿಯಿರುತ್ತದೆ. ಬಾಡಿಗೆ ಲಾಭಕರವೆಂದು ತೋರಿಸುವ ಲೆಕ್ಕಗಳು ವ್ಯತ್ಯಾಸದ ಹಣ ತಪ್ಪದೆ ಹೂಡಿಕೆಯಾಗುತ್ತದೆ ಎಂಬ ಊಹೆಯ ಮೇಲೆಯೇ ನಿಂತಿವೆ. ಗೃಹಸಾಲದ ಕಂತು ಕಡ್ಡಾಯವಾದ ಉಳಿತಾಯದಂತೆ ಕೆಲಸ ಮಾಡುತ್ತದೆ. ಬಾಡಿಗೆದಾರರಿಗೆ ಅಂಥ ಒತ್ತಾಯ ಇರುವುದಿಲ್ಲ.

ನಾಲ್ಕನೆಯದು ಸಾಲದ ಬಡ್ಡಿದರ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಚರ ಬಡ್ಡಿಯ ಗೃಹಸಾಲಗಳು ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. ದರ ಏರಿದಾಗ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಹೆಚ್ಚಿಸುವುದು ಬ್ಯಾಂಕುಗಳ ಸಾಮಾನ್ಯ ಕ್ರಮ. ಈ ನಿದರ್ಶನದಲ್ಲಿ ಆರಂಭದಿಂದಲೇ ಬಡ್ಡಿ ಶೇ. 9.5 ಆಗಿ ಕಂತು 65,087 ರೂಪಾಯಿಯಲ್ಲೇ ಉಳಿದರೆ ಸಾಲ ತೀರಲು 240ರ ಬದಲು ಸುಮಾರು 309 ತಿಂಗಳು ಬೇಕಾಗುತ್ತದೆ. ಒಟ್ಟು ಪಾವತಿ ಸುಮಾರು 45 ಲಕ್ಷದಷ್ಟು ಹೆಚ್ಚುತ್ತದೆ. ತಿಂಗಳ ಖರ್ಚಿನಲ್ಲಿ ಯಾವ ಬದಲಾವಣೆಯೂ ಕಾಣದಿರುವುದರಿಂದ ಸಾಲಗಾರರ ಗಮನಕ್ಕೆ ಇದು ಬಾರದೆ ಹೋಗಬಹುದು. ಸಾಲದ ವಾರ್ಷಿಕ ವಿವರಪಟ್ಟಿಯಲ್ಲಿ ಉಳಿದ ಕಂತುಗಳ ಸಂಖ್ಯೆಯನ್ನು ನೋಡಿದರೆ ಇದು ತಿಳಿಯುತ್ತದೆ.

## ತೆರಿಗೆಯ ಪರಿಣಾಮ

ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿಯಿದೆ. ಅಸಲಿನ ಮರುಪಾವತಿಯು ಇತರ ಉಳಿತಾಯಗಳೊಂದಿಗೆ ಸೇರಿ 1.5 ಲಕ್ಷದ ಮಿತಿಯೊಳಗೆ ಬರುತ್ತದೆ. ಅದೇ ಪದ್ಧತಿಯಲ್ಲಿ ಬಾಡಿಗೆಗಿರುವ ನೌಕರರಿಗೆ ಮನೆ ಬಾಡಿಗೆ ಭತ್ಯೆಯ ಮೇಲೆ ವಿನಾಯಿತಿ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಈ ಮೂರೂ ಇಲ್ಲ. ಹೀಗಾಗಿ ಹೊಸ ಪದ್ಧತಿಯಲ್ಲಿರುವವರು ತೆರಿಗೆ ಉಳಿತಾಯವನ್ನು ಎರಡೂ ಕಡೆಯಿಂದ ಬಿಡಬೇಕು. ಮೇಲಿನ ನಿದರ್ಶನವನ್ನು ಹೀಗೆಯೇ ಲೆಕ್ಕ ಹಾಕಲಾಗಿದೆ.

ಮನೆ ಮಾರಿದಾಗ ಬರುವ ದೀರ್ಘಾವಧಿ ಬಂಡವಾಳ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5ರ ತೆರಿಗೆಯಿದೆ. ಆ ದಿನಕ್ಕಿಂತ ಮೊದಲು ಕೊಂಡ ಮನೆಗೆ ನಿವಾಸಿ ವ್ಯಕ್ತಿಗಳು ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ. 20ರ ದರವನ್ನೂ ಆಯ್ದುಕೊಳ್ಳಬಹುದು. ನಿದರ್ಶನದ ಫ್ಲ್ಯಾಟನ್ನು ಹತ್ತು ವರ್ಷದ ನಂತರ ಮಾರಿದರೆ ಲಾಭ ಸುಮಾರು 52 ಲಕ್ಷ ಮತ್ತು ಉಪಕರ ಬಿಟ್ಟು ತೆರಿಗೆ ಸುಮಾರು 6.5 ಲಕ್ಷ. ಲಾಭವನ್ನು ನಿಗದಿತ ಅವಧಿಯೊಳಗೆ ಇನ್ನೊಂದು ಮನೆಗೆ ತೊಡಗಿಸಿದರೆ ವಿನಾಯಿತಿ ದೊರೆಯುವುದರಿಂದ ಕೋಷ್ಟಕದಲ್ಲಿ ಈ ತೆರಿಗೆಯನ್ನು ಕಳೆದಿಲ್ಲ. ಹಣವನ್ನು ಬೇರೆ ಉದ್ದೇಶಕ್ಕೆ ಬಳಸುವವರು ಅದನ್ನು ಖರೀದಿಯ ಕಡೆಯಿಂದ ಕಳೆಯಬೇಕು.

## ಲೆಕ್ಕದಲ್ಲಾಗುವ ತಪ್ಪುಗಳು

ಬೇರೆ ಬೇರೆ ಗುಣಮಟ್ಟದ ಮನೆಗಳನ್ನು ಹೋಲಿಸುವುದು ಅತಿ ಸಾಮಾನ್ಯವಾದ ತಪ್ಪು. ಈಗಿರುವ ಹಳೆಯ ಮನೆಯ ಬಾಡಿಗೆಯನ್ನು ಕೊಳ್ಳಬೇಕೆಂದಿರುವ ದೊಡ್ಡ ಫ್ಲ್ಯಾಟಿನ ಕಂತಿನೊಂದಿಗೆ ಹೋಲಿಸಿದರೆ, ಹೆಚ್ಚು ಸೌಕರ್ಯಕ್ಕೆ ಕೊಡುವ ಹಣವು ಖರೀದಿಯ ನಷ್ಟವಾಗಿ ಕಾಣುತ್ತದೆ. ಕೊಳ್ಳುವ ಫ್ಲ್ಯಾಟಿಗೇ ಎಷ್ಟು ಬಾಡಿಗೆ ಬರುತ್ತದೆ ಎಂಬುದನ್ನು ಹೋಲಿಕೆಗೆ ತೆಗೆದುಕೊಳ್ಳಬೇಕು.

ಇನ್ನೊಂದು ತಪ್ಪು ಕೊಂಡ ಬೆಲೆಯನ್ನೂ ಮಾರಿದ ಬೆಲೆಯನ್ನೂ ಮಾತ್ರ ನೋಡಿ ಲಾಭ ಹೇಳುವುದು. ಒಂದು ಕೋಟಿಗೆ ಕೊಂಡ ಮನೆ ಇಪ್ಪತ್ತು ವರ್ಷದಲ್ಲಿ 2.65 ಕೋಟಿಯಾದರೆ ಅದು ದೊಡ್ಡ ಲಾಭವೆನಿಸುತ್ತದೆ. ಆದರೆ ಅದು ವರ್ಷಕ್ಕೆ ಶೇ. 5ರ ಏರಿಕೆ ಮಾತ್ರ ಮತ್ತು ನಡುವೆ ಬಡ್ಡಿಯೇ 81 ಲಕ್ಷ ಖರ್ಚಾಗಿದೆ. ಇದಕ್ಕೆ ಎದುರಾಗಿ, ಆ ಇಪ್ಪತ್ತು ವರ್ಷ ಬಾಡಿಗೆ ಕೊಡಬೇಕಾಗಿರಲಿಲ್ಲ ಎಂಬುದನ್ನು ಮರೆತು ಮನೆಯನ್ನು ನಷ್ಟವೆಂದು ಹೇಳುವುದೂ ಅಷ್ಟೇ ತಪ್ಪು.

ಲೆಕ್ಕ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಸುಲಭವಾದ ಎರಡು ಮಾರ್ಗಗಳಿವೆ. ಸಾಲದ ಬಾಕಿ 240ನೇ ಕಂತಿನ ನಂತರ ಸೊನ್ನೆಗೆ ಬರಬೇಕು. ಪ್ರತಿ ವರ್ಷ ಖರೀದಿದಾರರು ಕೈಯಿಂದ ಕೊಟ್ಟ ಒಟ್ಟು ಹಣವು ಬಾಡಿಗೆ ಮತ್ತು ಬಾಡಿಗೆದಾರರ ಹೂಡಿಕೆಯ ಮೊತ್ತಕ್ಕೆ ಸಮನಾಗಿರಬೇಕು. ಎರಡನೆಯದು ತಾಳೆಯಾಗದಿದ್ದರೆ ಒಬ್ಬರಿಗೆ ಇನ್ನೊಬ್ಬರಿಗಿಂತ ಹೆಚ್ಚು ಹಣ ಕೊಟ್ಟು ಹೋಲಿಸಿದಂತಾಗುತ್ತದೆ.

## ಮಿತಿಗಳು

ಈ ವಿಧಾನವು ಬೆಲೆ, ಬಾಡಿಗೆ ಮತ್ತು ಬಡ್ಡಿ ಒಂದೇ ಗತಿಯಲ್ಲಿ ಸಾಗುತ್ತವೆ ಎಂದು ಊಹಿಸುತ್ತದೆ. ವಾಸ್ತವದಲ್ಲಿ ಹಾಗಾಗುವುದಿಲ್ಲ. ಬೆಲೆಯ ಹಿಂದಿನ ಚಲನೆಯನ್ನು ತಿಳಿಯಲು ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲಿ ಆರಂಭಿಸಿದ ರೆಸಿಡೆಕ್ಸ್ ಸೂಚ್ಯಂಕದಲ್ಲಿ ಬೆಂಗಳೂರಿನ ಅಂಕಿಗಳು ದೊರೆಯುತ್ತವೆ. ಆದರೆ ನಗರದ ಸರಾಸರಿಯು ಒಂದು ನಿರ್ದಿಷ್ಟ ಕಟ್ಟಡಕ್ಕೆ ಅನ್ವಯಿಸಬೇಕೆಂದಿಲ್ಲ. ಫ್ಲ್ಯಾಟಿನ ಮೌಲ್ಯದಲ್ಲಿ ಏರುವ ಭಾಗವೆಂದರೆ ಮುಖ್ಯವಾಗಿ ಅದಕ್ಕೆ ಸಂಬಂಧಿಸಿದ ಅವಿಭಜಿತ ಭೂಮಿಯ ಪಾಲು. ಕಟ್ಟಡವು ಸವೆಯುತ್ತಾ ಹೋಗುತ್ತದೆ. ಎತ್ತರದ ಕಟ್ಟಡದಲ್ಲಿ ಈ ಭೂಮಿಯ ಪಾಲು ಚಿಕ್ಕದಾಗಿರುತ್ತದೆ. ಆದ್ದರಿಂದ ಅಲ್ಲಿಗೆ ನಿವೇಶನಗಳ ಬೆಲೆಯೇರಿಕೆಯ ದರವನ್ನು ಬಳಸುವುದು ಸರಿಯಲ್ಲ.

ಸ್ಥಳೀಯ ಅಂಶಗಳು ಲೆಕ್ಕವನ್ನು ಬದಲಿಸಬಲ್ಲವು. ವೈಟ್‌ಫೀಲ್ಡ್ ಸುತ್ತಲಿನ ಅನೇಕ ಅಪಾರ್ಟ್‌ಮೆಂಟುಗಳು ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನು ಅವಲಂಬಿಸಿವೆ. 2024ರ ಬೇಸಿಗೆಯ ನೀರಿನ ಕೊರತೆಯಲ್ಲಿ ಅಂಥ ಕಟ್ಟಡಗಳ ನಿರ್ವಹಣಾ ಖರ್ಚು ಏರಿತು. ಬಾಡಿಗೆದಾರರು ಇಂಥ ಕಟ್ಟಡವನ್ನು ಬಿಟ್ಟು ಹೋಗಬಹುದು, ಮಾಲೀಕರಿಗೆ ಅದು ಸುಲಭವಲ್ಲ. ಹಾಗೆಯೇ ಬಿ ಖಾತೆಯ ಆಸ್ತಿಗೆ ಅನೇಕ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಅಂಥ ಮನೆ ಅಗ್ಗಕ್ಕೆ ಸಿಕ್ಕರೂ ಮುಂದೆ ಮಾರುವಾಗ ಕೊಳ್ಳುವವರ ಸಂಖ್ಯೆ ಕಡಿಮೆಯಿರುತ್ತದೆ.

ಮಾಲೀಕರು ಮನೆ ಬಿಡಿಸುವ ಆತಂಕವಿಲ್ಲದಿರುವುದು, ಮಕ್ಕಳ ಶಾಲೆ ಬದಲಿಸಬೇಕಾಗದಿರುವುದು ಮತ್ತು ನಿವೃತ್ತಿಯ ನಂತರ ಏರುವ ಬಾಡಿಗೆಯ ಭಾರವಿಲ್ಲದಿರುವುದು ಸ್ವಂತ ಮನೆಯ ಅನುಕೂಲಗಳು. ನೌಕರಿಯನ್ನು ಅನುಸರಿಸಿ ಊರು ಬದಲಿಸುವ ಸ್ವಾತಂತ್ರ್ಯ ಮತ್ತು ಉಳಿತಾಯವೆಲ್ಲ ಒಂದೇ ಆಸ್ತಿಯಲ್ಲಿ ಸಿಲುಕದಿರುವುದು ಬಾಡಿಗೆಯ ಅನುಕೂಲಗಳು. ಇವುಗಳಿಗೆ ರೂಪಾಯಿಯಲ್ಲಿ ಬೆಲೆ ಕಟ್ಟಲಾಗುವುದಿಲ್ಲ. ಆದರೆ ಅವುಗಳಿಗಾಗಿ ಕುಟುಂಬವೊಂದು ಎಷ್ಟು ಹಣ ಕೊಡುತ್ತಿದೆ ಎಂಬುದನ್ನು ಈ ಲೆಕ್ಕ ತಿಳಿಸುತ್ತದೆ. ಮೇಲಿನ ನಿದರ್ಶನದಲ್ಲಿ ಹತ್ತು ವರ್ಷಕ್ಕೆ ಆ ಮೊತ್ತ ಸುಮಾರು 19.5 ಲಕ್ಷ ರೂಪಾಯಿ.